ಟ್ಯಾಲಿ ಓಪನ್ ಮಾಡೋರು ಯಾರು?

"ಮತ್ತೆ ನಾನು ಯಾರು ಸರ್?"

ಮಂಗಳವಾರ ಮಧ್ಯಾಹ್ನದಿಂದ ಈ ಮಾತು ತಲೆಯಿಂದ ಇಳಿದಿಲ್ಲ. ಕೇಳಿದವರು ಅವೆನ್ಯೂ ರೋಡಿನ ಒಂದು ಸ್ಟೇಷನರಿ ಹೋಲ್‌ಸೇಲ್ ಅಂಗಡಿಯ ಅಕೌಂಟ್ಸ್ ಮೇಡಂ. ಕೋಪದಿಂದ ಕೇಳಲಿಲ್ಲ. ನಗುತ್ತಲೇ ಕೇಳಿದರು, ಅದಕ್ಕೇ ಜಾಸ್ತಿ ಚುಚ್ಚಿತು.

ಆಗಿದ್ದು ಇಷ್ಟು. ನಮ್ಮದು ಬನಶಂಕರಿಯಲ್ಲಿರುವ ಸಣ್ಣ ಸಾಫ್ಟ್‌ವೇರ್ ಕಂಪನಿ, ಒಟ್ಟು ಒಂಬತ್ತು ಜನ. ಸೇಲ್ಸ್ ಹುಡುಗರು ಅಂಗಡಿ ಅಂಗಡಿ ಸುತ್ತಿ ಮೊಬೈಲಿನಲ್ಲಿ ಆರ್ಡರ್ ಬರೆದುಕೊಳ್ಳುವ ಆ್ಯಪ್ ನಮ್ಮದು. ಈ ಹೋಲ್‌ಸೇಲ್‌ನವರು ಹೊಸ ಕ್ಲೈಂಟ್. ಅವರ ಆರ್ಡರುಗಳು ನಮ್ಮ ಆ್ಯಪ್‌ನಿಂದ ನೇರವಾಗಿ ಅವರ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹೋಗಿ ಬಿಲ್ ಆಗಬೇಕು, ಅದೇ ಇಂಟಿಗ್ರೇಷನ್. ಮೂರು ವಾರದಿಂದ ನಡೆಯುತ್ತಿದೆ. ಸೋಮವಾರ ನಮ್ಮ ಬಾಸ್ ಹೇಳಿದರು, "ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಹಾಕಬೇಕು. ಕಾನ್ಫಿಡೆಂಟ್ ಆಗಿರಲಿ, ಆದರೆ ಜಂಬ ಕಾಣಿಸಬಾರದು. ನೀನೇ ಬರಿ, ನೀನೇ ತಾನೇ ಕೆಲಸ ಮಾಡಿದ್ದು."

ನಾನು ಕೋಡ್ ಬರೆಯೋನು. ಕ್ಯಾಪ್ಷನ್ ಬರೆಯೋದು ಅಂದರೆ ಬೇರೆಯವರು ಬರೆದದ್ದನ್ನು ನೋಡಿ ಹಾಗೇ ಬರೆಯೋದು, ಅಷ್ಟೇ ಗೊತ್ತಿತ್ತು. ಹಾಗಾಗಿ ಇಂಗ್ಲಿಷಿನಲ್ಲಿ ಹೊಡೆದೆ. ಘೋಷಿಸಲು ಥ್ರಿಲ್ ಆಗಿದ್ದೇವೆ. ಸೀಮ್‌ಲೆಸ್ ಇಂಟಿಗ್ರೇಷನ್. ಮನುಷ್ಯರ ಕೈ ಸೋಕದೆ, ಪೂರ್ತಿ ಆಟೊಮ್ಯಾಟಿಕ್. ಶೇಕಡಾ 90 ಸಮಯ ಉಳಿತಾಯ. ನಮ್ಮ ಹೊಸ ಪಾರ್ಟ್ನರ್‌ಗೆ ಧನ್ಯವಾದ. ಕೊನೆಗೆ ವಿನಯ ಇರಲಿ ಅಂತ "ಇದು ಆರಂಭ ಮಾತ್ರ" ಅಂತ ಒಂದು ಸಾಲು. ಈಗ ಓದಿದರೆ ಎಲ್ಲಕ್ಕಿಂತ ಜಂಬದ ಸಾಲು ಅದೇ ಅನ್ನಿಸುತ್ತೆ.

ಬಾಸ್‌ಗೆ ತುಂಬಾ ಇಷ್ಟ ಆಯಿತು. ಅವರು ಒಳ್ಳೆ ಮನುಷ್ಯ, ತಿಂಗಳ ಕೊನೆಗೆ ಸಂಬಳ ತಪ್ಪಿಸಿದ್ದಿಲ್ಲ, ಆದರೆ ವಿಶೇಷಣ ಕಂಡರೆ ಮಕ್ಕಳಿಗೆ ಮಿಠಾಯಿ ಕಂಡ ಹಾಗೆ. ಒಂದೇ ತಡೆ ಇತ್ತು. ಅಗ್ರಿಮೆಂಟಿನಲ್ಲಿ, ಕ್ಲೈಂಟ್ ಬರಹದಲ್ಲಿ ಒಪ್ಪಿಗೆ ಕೊಡದೆ ಅವರ ಹೆಸರು, ಲೋಗೊ ಎಲ್ಲೂ ಬಳಸುವಂತಿಲ್ಲ ಅಂತ ಒಂದು ಷರತ್ತು ಇದೆ. ಯಜಮಾನರಿಗೆ ಫೋನ್ ಮಾಡಿದರೆ "ಹಾಕಿ ಹಾಕಿ, ಏನು ಬೇಕಾದರೂ ಹಾಕಿ" ಅಂದರು. ಫೋನಿನ ಮಾತು ಒಪ್ಪಿಗೆ ಅಲ್ಲ. ಮೇಲ್ ಬೇಕು. ಅಂಗಡಿಯ ಮೇಲ್ ನೋಡೋದು ಮೇಡಂ ಮಾತ್ರ. ಸರಿ, ಡ್ರಾಫ್ಟ್ ತೋರಿಸಿ ಅಲ್ಲೇ ಮೇಲ್ ಹಾಕಿಸಿಕೊಂಡು ಬರೋಣ ಅಂತ ಮಂಗಳವಾರ ಮೆಟ್ರೊ ಹತ್ತಿದೆ. ಬನಶಂಕರಿಯಿಂದ ಚಿಕ್ಕಪೇಟೆಗೆ ಹಸಿರು ಲೈನ್ ನೇರ, ಬದಲಾಯಿಸುವ ತಲೆನೋವಿಲ್ಲ.

ಯಜಮಾನರು ಗಲ್ಲಾ ಮುಂದೆ ಕೂತಿದ್ದರು. ಕ್ಯಾಪ್ಷನ್ ಕನ್ನಡದಲ್ಲಿ ಹೇಳಿ ಅಂದರು. ನಿಂತಲ್ಲೇ ಬಾಯಿಮಾತಲ್ಲಿ ಹೇಳುತ್ತಾ ಹೋದೆ. ಅಲ್ಲಿ ಶುರುವಾಯಿತು.

ಪಾರ್ಟ್ನರ್ ಅಂದ ಕೂಡಲೇ ಯಜಮಾನರು ಕನ್ನಡಕ ತೆಗೆದರು. "ಏನಪ್ಪಾ, ಪಾರ್ಟ್ನರಾ? ನಮ್ಮ ಕಡೆ ಪಾರ್ಟ್ನರ್ ಅಂದ್ರೆ ಲಾಭದಲ್ಲೂ ಪಾಲು, ನಷ್ಟದಲ್ಲೂ ಪಾಲು. ನಿಮಗೆ ನಾನು ದುಡ್ಡು ಕೊಡ್ತೀನಿ, ನೀವು ಕೆಲಸ ಮಾಡ್ತೀರಿ. ಗಿರಾಕಿ ಅನ್ನು, ಅದರಲ್ಲಿ ನಾಚಿಕೆ ಏನು?" ಪಾಯಿಂಟ್ ಸರಿ ಇತ್ತು. ಪಾಲುದಾರಿಕೆ ಅನ್ನೋದು ಅವರ ಬೀದಿಯಲ್ಲಿ ಸ್ಟಾಂಪ್ ಪೇಪರಿನ ಮಾತು. ನಮಗೆ ಅಲಂಕಾರದ ಮಾತು.

ಸೀಮ್‌ಲೆಸ್ ಅನ್ನೋದಕ್ಕೆ ಕನ್ನಡ ಸಿಗದೆ "ಹೊಲಿಗೆ ಕಾಣದ ಹಾಗೆ" ಅಂದೆ. ಒಳಗಿನಿಂದ ಮೇಡಂ ನಕ್ಕರು. "ಹೊಲಿಗೆ ಎರಡು ಸಲ ಬಿಚ್ಚಿ ಹಾಕಿದ್ದೀರಲ್ಲಾ ಸರ್." ಅದೂ ನಿಜ, ಅದರ ಕಥೆ ಆಮೇಲೆ ಹೇಳುತ್ತೇನೆ.

ಆಮೇಲೆ ನಾನು "ಮನುಷ್ಯರ ಕೈ ಸೋಕದೆ" ಅಂದೆ.

"ಮತ್ತೆ ನಾನು ಯಾರು ಸರ್? ಬೆಳಗ್ಗೆ ಒಂಬತ್ತೂವರೆಗೆ ಬಂದು ನಾನು ಟ್ಯಾಲಿ ಓಪನ್ ಮಾಡದಿದ್ರೆ ನಿಮ್ಮದು ನಡೆಯುತ್ತಾ?"

ನಡೆಯಲ್ಲ. ಇದನ್ನು ಅವರಿಗಿಂತ ಚೆನ್ನಾಗಿ ಬಲ್ಲವನು ನಾನೇ. ಅವರ ಟ್ಯಾಲಿ ಎಲ್ಲೋ ಕ್ಲೌಡಿನಲ್ಲಿ ಇಲ್ಲ. ಅವರ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಒಂದು ಸೆಟ್ಟಿಂಗ್ ಹಾಕಿದರೆ ಟ್ಯಾಲಿ ಒಂದು ಸಣ್ಣ ಸರ್ವರ್ ಥರ ಕೂತು, ಸಾಮಾನ್ಯವಾಗಿ 9000ನೇ ಪೋರ್ಟಿನಲ್ಲಿ, ಎಕ್ಸ್‌ಎಂಎಲ್ ರೂಪದಲ್ಲಿ ಬಂದ ಆರ್ಡರ್ ಓದಿ ಬಿಲ್ ಮಾಡಿಕೊಳ್ಳುತ್ತೆ. ನಮ್ಮದೊಂದು ಪುಟ್ಟ ಪ್ರೋಗ್ರಾಂ ಅದೇ ಕಂಪ್ಯೂಟರಿನಲ್ಲಿ ಕೂತು ನಮ್ಮ ಸರ್ವರ್‌ನಿಂದ ಆರ್ಡರ್ ತಂದು ಅದಕ್ಕೆ ಕೊಡುತ್ತೆ. ಆದರೆ ಕಂಪ್ಯೂಟರ್ ಆನ್ ಆಗಿರಬೇಕು, ಟ್ಯಾಲಿ ತೆರೆದಿರಬೇಕು, ಅದರೊಳಗೆ ಈ ಅಂಗಡಿಯ ಕಂಪನಿ ಲೋಡ್ ಆಗಿರಬೇಕು. ಇದಿಷ್ಟೂ ಮಾಡೋದು ಮೇಡಂ ಕೈ. ಸೋಕಿಯೇ ಇಲ್ಲ ಅಂತ ನಾನು ಬರೆದ ಅದೇ ಕೈ.

ಎರಡು ಸಲ ಹೊಲಿಗೆ ಬಿಚ್ಚಿದ ಕಥೆಗೆ ಬರುತ್ತೇನೆ. ಮೊದಲನೇ ಸಲದ್ದು ಬಿಡಿ, ಐಟಂ ಹೆಸರುಗಳು ಎರಡು ಕಡೆ ಹೊಂದಿಕೆಯಾಗದೆ ತಿದ್ದಿದ್ದು. ಎರಡನೆಯದರಲ್ಲಿ ಮಾನ ಹೋಯಿತು. ಒಂದು ಬಿಲ್ ಕಳಿಸಿದರೆ ಟ್ಯಾಲಿ ಹೀಗೆ ಉತ್ತರ ಕೊಡುತ್ತೆ:

```xml
<CREATED>1</CREATED>
<ALTERED>0</ALTERED>
<ERRORS>0</ERRORS>
```

ಒಂದು ಹೊಸದು ಆಯಿತು, ತಪ್ಪು ಸೊನ್ನೆ ಅಂತ ಅರ್ಥ. ನಮ್ಮ ಪ್ರೋಗ್ರಾಂ ಈ ಉತ್ತರಕ್ಕೆ ಹತ್ತು ಸೆಕೆಂಡ್ ಕಾಯುತ್ತಿತ್ತು, ಬರದಿದ್ದರೆ ಮತ್ತೆ ಕಳಿಸುತ್ತಿತ್ತು. ಹಾಗೆ ಬರೆದವನು ನಾನು. ಮೇಡಂ ಯಾವುದಾದರೂ ದೊಡ್ಡ ರಿಪೋರ್ಟ್ ತೆಗೆದಿದ್ದಾಗ ಉತ್ತರ ತಡವಾಗುತ್ತಿತ್ತು. ಬಿಲ್ ಆಗಿಯೇ ಇರುತ್ತಿತ್ತು, ಉತ್ತರ ಮಾತ್ರ ದಾರಿಯಲ್ಲಿ. ನಾವು ಆಗಿಲ್ಲ ಅಂದುಕೊಂಡು ಇನ್ನೊಂದು ಸಲ ಕಳಿಸಿದರೆ ಅದೇ ಆರ್ಡರಿಗೆ ಇನ್ನೊಂದು ಬಿಲ್. ಮೊದಲ ವಾರ ಹೀಗೆ ಹನ್ನೊಂದು ಡಬಲ್ ಬಿಲ್ ಆದವು. ನಮ್ಮ ಸ್ಕ್ರೀನಿನಲ್ಲಿ ಎಲ್ಲಾ ಹಸಿರು ಟಿಕ್. ಹಿಡಿದವರು ಮೇಡಂ. ರ‍್ಯಾಕಿನಲ್ಲಿ ನೋಟ್‌ಬುಕ್ ಕಟ್ಟುಗಳು ಕಣ್ಣಿಗೆ ಕಾಣುತ್ತಿವೆ, ಟ್ಯಾಲಿಯಲ್ಲಿ ಸ್ಟಾಕ್ ಕಮ್ಮಿ ತೋರಿಸುತ್ತಿದೆ. ಬಿಲ್ಲುಗಳನ್ನು ಆರ್ಡರ್ ನಂಬರ್ ಪ್ರಕಾರ ಜೋಡಿಸಿ ನೋಡಿ, ಒಂದೇ ನಂಬರಿಗೆ ಎರಡೆರಡು ಇದ್ದವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಫೋಟೊ ಕಳಿಸಿದರು. ಈಗ ಉತ್ತರ ತಡವಾದರೆ ಮತ್ತೆ ಕಳಿಸಲ್ಲ. ಈ ಆರ್ಡರ್ ನಂಬರಿನ ಬಿಲ್ ಇದೆಯಾ ಅಂತ ಮೊದಲು ಟ್ಯಾಲಿಯನ್ನೇ ಕೇಳುತ್ತೇವೆ, ಇಲ್ಲದಿದ್ದರೆ ಮಾತ್ರ ಕಳಿಸೋದು.

ಇಂಥ ಕೆಲಸದ ಕ್ಯಾಪ್ಷನ್‌ನಲ್ಲಿ ಮನುಷ್ಯರ ಕೈಯೇ ಇಲ್ಲ ಅಂತ ನಾನು ಬರೆದಿದ್ದೆ. ಆ ಕೈ ಇಲ್ಲದಿದ್ದರೆ ಯಾವುದೋ ಊರಿನ ಅಂಗಡಿಯವರು ಒಂದೇ ಮಾಲಿಗೆ ಎರಡು ಸಲ ಬಾಕಿ ಅಂತ ಕೇಳಿಸಿಕೊಳ್ಳುತ್ತಿದ್ದರು.

ಶೇಕಡಾ 90ಕ್ಕೂ ಅವತ್ತೇ ಪೆಟ್ಟು ಬಿತ್ತು. ನನ್ನ ಲೆಕ್ಕ ಹೀಗಿತ್ತು. ದಿನಕ್ಕೆ ಸುಮಾರು 120 ಆರ್ಡರ್, ಒಂದೊಂದು ಟೈಪ್ ಮಾಡಲು ಎರಡು ನಿಮಿಷ, ಅಂದರೆ ನಾಲ್ಕು ಗಂಟೆ. ಈಗ ಟೈಪಿಂಗ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. 90 ಅಂದಿದ್ದು ನನ್ನ ಪ್ರಕಾರ ವಿನಯ. ಮೇಡಂ ಕೇಳಿದರು, "ಸಂಜೆ ಕೂತು ಒಂದೊಂದೂ ಟಿಕ್ ಹಾಕ್ತೀನಲ್ಲ, ಅದು ಎಷ್ಟು ಹೊತ್ತು ಅಂತ ಯಾರಾದ್ರೂ ಕೇಳಿದ್ರಾ?" ಯಾರೂ ಕೇಳಿರಲಿಲ್ಲ. ಒಂದು ಗಂಟೆಯಂತೆ. ನಾಲ್ಕು ಗಂಟೆ ಇದ್ದದ್ದು ಒಂದು ಗಂಟೆ ಆಗಿದೆ, ಅಷ್ಟು. ನನಗೆ ಅವತ್ತು ಹೊಳೆದದ್ದು, ಈ ಲೆಕ್ಕವೇ ಶೇಕಡಾವಾರಿಗಿಂತ ಗಟ್ಟಿಯಾಗಿ ಕೇಳಿಸುತ್ತೆ ಅಂತ. ಶೇಕಡಾ 90 ಅಂದರೆ ಓದೋರು "ಯಾವುದರಲ್ಲಿ?" ಅಂತ ಕೇಳಲ್ಲ, ಸುಮ್ನೆ ಸ್ಕ್ರೋಲ್ ಮಾಡುತ್ತಾರೆ. ನಾಲ್ಕು ಗಂಟೆಯ ಟೈಪಿಂಗ್ ಒಂದು ಗಂಟೆಯ ಚೆಕಿಂಗ್ ಆಯಿತು ಅಂದರೆ ಇನ್ನೊಬ್ಬ ಹೋಲ್‌ಸೇಲ್‌ನವನು ತನ್ನ ಮೇಜಿಗೆ ಅಳತೆ ಹಾಕಿ ನೋಡುತ್ತಾನೆ.

ವಾಪಸ್ ಬರುವಾಗ ಮೆಟ್ರೊದಲ್ಲಿ ನಿಂತು ಮತ್ತೆ ಬರೆದೆ, ಈ ಸಲ ಮೊದಲು ಕನ್ನಡದಲ್ಲಿ. ಫೀಡಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತೆ, ಉಳಿದದ್ದು ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುತ್ತೆ. ಆ ಜಾಗವನ್ನು ನನಗೆ ಆದ ಥ್ರಿಲ್‌ಗೆ ಕೊಟ್ಟರೆ ದಂಡ ಅಲ್ವಾ? ಅದಕ್ಕೆ ವಿಷಯವನ್ನೇ ಮೊದಲು ಇಟ್ಟೆ:

"ಅವೆನ್ಯೂ ರೋಡಿನ ಒಂದು ಸ್ಟೇಷನರಿ ಹೋಲ್‌ಸೇಲ್ ಅಂಗಡಿಯಲ್ಲಿ ಮೂರು ವಾರದಿಂದ ಮೊಬೈಲ್ ಆರ್ಡರುಗಳು ನೇರವಾಗಿ ಟ್ಯಾಲಿಗೆ ಹೋಗಿ ಬಿಲ್ ಆಗುತ್ತಿವೆ. ದಿನಕ್ಕೆ ಸುಮಾರು 120. ಮೊದಲು ನಾಲ್ಕು ಗಂಟೆ ಟೈಪಿಂಗ್ ಇತ್ತು, ಈಗ ಒಂದು ಗಂಟೆ ಚೆಕಿಂಗ್ ಇದೆ. ಚೆಕ್ ಮಾಡುವುದು ಅವರ ಅಕೌಂಟ್ಸ್ ವಿಭಾಗ. ಮೊದಲ ವಾರ ನಮ್ಮ ಕಣ್ಣಿಗೆ ಬೀಳದ ತಪ್ಪನ್ನು ಹಿಡಿದದ್ದೂ ಅವರೇ. ಸದ್ಯಕ್ಕೆ ಮಾರಾಟದ ಬಿಲ್ ಮಾತ್ರ. ವಾಪಸ್ ಬಂದ ಮಾಲಿನ ಲೆಕ್ಕ ಇನ್ನೂ ಕೈಯಲ್ಲೇ ನಡೆಯುತ್ತಿದೆ."

ಬಾಸ್ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಪ್ಪನ್ನು ನಾವೇ ಡಂಗುರ ಹೊಡೀಬೇಕಾ?" ಅಂದರು. ಜಗಳ ಆಯಿತು, ಸಣ್ಣದು. ಹನ್ನೊಂದು ಡಬಲ್ ಬಿಲ್ ಅಂತ ನಾನು ಬರೆದಿರಲಿಲ್ಲ, ಬರೆಯೋದು ಬೇಡ ಅಂತ ನನಗೂ ಅನ್ನಿಸಿತ್ತು. ಅದು ಗಿರಾಕಿಯ ಪುಸ್ತಕದ ವಿಷಯ. ನಮ್ಮ ವಿನಯ ತೋರಿಸೋಕೆ ಅವರ ಲೆಕ್ಕಪತ್ರ ಬೀದಿಗೆ ತರೋ ಹಕ್ಕು ನಮಗಿಲ್ಲ. ಆದರೆ ಹಿಡಿದವರು ಯಾರು ಅನ್ನೋ ಸಾಲು ಇರಲೇಬೇಕು ಅಂತ ಹಟ ಹಿಡಿದೆ. ಕೊನೆಯ ಎರಡು ಸಾಲು ತೆಗಿ ಅಂದರು. ಅದಕ್ಕೂ ಒಪ್ಪಲಿಲ್ಲ. ನಾಳೆ ಈ ಪೋಸ್ಟ್ ನೋಡಿ ಫೋನ್ ಮಾಡುವ ಗಿರಾಕಿ ಮೊದಲು ಕೇಳೋದೇ ರಿಟರ್ನ್ಸ್ ಬಗ್ಗೆ. ಆಗ ಅದು ಇನ್ನೂ ಇಲ್ಲ ಅಂತ ನಾಲಿಗೆ ಕಚ್ಚೋದಕ್ಕಿಂತ ಇದೇ ವಾಸಿ. ಕೊನೆಗೆ "ಆಯ್ತು ಮಾರಾಯ, ಹಾಕು" ಅಂದರು. ಕೆಳಗೆ ಇಂಗ್ಲಿಷಿನಲ್ಲೂ ಅದನ್ನೇ ಹಾಕಿದೆವು.

ಅಂಗಡಿಯ ಹೆಸರು ಕೊನೆಗೂ ಹಾಕಲಿಲ್ಲ. ಹೆಸರು ಬೇಡ, ಬೀದಿ ಸಾಕು ಅಂತ ಯಜಮಾನರ ಮಗ ಮೇಲ್ ಮಾಡಿಸಿದ್ದ. ಪಕ್ಕದ ಅಂಗಡಿಯವರು ಎಲ್ಲಾ ಬಂದು ಕೇಳುತ್ತಾರಂತೆ.

ಗುರುವಾರ ಬೆಳಗ್ಗೆ ಹಾಕಿದ್ದು. ಲೈಕು ಹೆಚ್ಚೇನಿಲ್ಲ, ನಲವತ್ತು ಚಿಲ್ಲರೆ, ಅದರಲ್ಲಿ ಒಂಬತ್ತು ನಮ್ಮವೇ. ಲಿಂಕ್ ಮೇಡಂಗೆ ವಾಟ್ಸಾಪ್ ಮಾಡಿದೆ. ಅವತ್ತು ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಹತ್ತು ಸೆಕೆಂಡ್ ಅಲ್ಲ, ಎರಡು ದಿನ ಕಾದೆ, ಮತ್ತೆ ಕಳಿಸಲಿಲ್ಲ.

ಇವತ್ತು ಸಂಜೆ ಬಂತು. "ಓದಿದೆ ಸರ್. ಸೋಮವಾರ ನನಗೆ ರಜೆ, ಊರಿಗೆ ಹೋಗ್ತಿದ್ದೀನಿ. ಟ್ಯಾಲಿ ಓಪನ್ ಮಾಡೋದು ಯಜಮಾನ್ರ ಮಗನಿಗೆ ತೋರಿಸಿದ್ದೀನಿ. ಆದ್ರೂ ಒಂಬತ್ತೂವರೆಗೆ ಒಂದು ಫೋನ್ ಮಾಡಿ ನೆನಪಿಸಿ."