ಭಾವನ ಮೀನಖಂಡ

16 ಜುಲೈ 2024, ಮಂಗಳವಾರ

ಭಾವನ ಎಡಗಾಲಿನ ನರ ಉಬ್ಬಿರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಪಂಚೆ ಎತ್ತಿ ಕಟ್ಟಿದರೆ ಮಂಡಿಯ ಒಳಬದಿಯಿಂದ ಮೀನಖಂಡದ ತನಕ ಕಿರುಬೆರಳು ದಪ್ಪದ ನೀಲಿ ನರ ಸುತ್ತಿಸುತ್ತಿ ಇಳಿದಿರುವುದು ಕಾಣುತ್ತದೆ. ಹುಡುಗನಾಗಿದ್ದಾಗಲೇ ಕುಂದಾಪುರ ಬಿಟ್ಟು ಬೆಂಗಳೂರಿಗೆ ಬಂದು, ಇಪ್ಪತ್ತು ವರ್ಷಕ್ಕೂ ಮೇಲೆ ದರ್ಶಿನಿಯಲ್ಲಿ ದೋಸೆ ಕಾವಲಿ ಮುಂದೆ ನಿಂತವರು. ಬೆಳಿಗ್ಗೆ 6ಕ್ಕೆ ನಿಂತರೆ 11ರ ತನಕ, ಮತ್ತೆ ಸಂಜೆ 4ರಿಂದ 9. "ಅಡುಗೆಯವರಿಗೆಲ್ಲ ಇದು ಇದ್ದದ್ದೇ ಮಾರಾಯ್ತಿ" ಅನ್ನುತ್ತ ತಳ್ಳಿಕೊಂಡೇ ಬಂದಿದ್ದರು.

ಹೋದ ವಾರ ಮನೆಗೆ ಬಂದಾಗ ನಾನು ಗಾಬರಿಯಾದದ್ದು ಪಾದದ ಗಂಟಿನ ಒಳಬದಿ ನೋಡಿ. ಗಂಟಿಗಿಂತ ಸ್ವಲ್ಪ ಮೇಲೆ ಚರ್ಮ ಅಂಗೈಯಗಲ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಮೇಲೆ ಕೆರೆದುಕೊಂಡ ಗೀರುಗಳು. ತುರಿಕೆಗೆ ನೋವಿನ ಮುಲಾಮು ಹಚ್ಚುತ್ತಿದ್ದರಂತೆ. ಸರ್ಜರಿ ಓಪಿಡಿಯಲ್ಲಿ ಕಾಲಿನ ಹುಣ್ಣಿಗೆ ಡ್ರೆಸಿಂಗ್ ಮಾಡುವವಳು ನಾನು. ವೆರಿಕೋಸ್ ವೇನ್ಸ್ ಅನ್ನುವ ಈ ಕಾಯಿಲೆಯ ಹುಣ್ಣು ಬೀಳುವುದು ಬಹುಪಾಲು ಅದೇ ಜಾಗದಲ್ಲಿ. ನರ ಉಬ್ಬುವುದು ಎರಡನೇ ಹಂತ, ಊತ ಮೂರನೆಯದು, ಚರ್ಮ ಹೀಗೆ ಬಣ್ಣ ಬದಲಿಸಿದರೆ ನಾಲ್ಕನೆಯದು. ಅದರ ಮುಂದಿನದು ಹುಣ್ಣೇ. ಇವತ್ತು ಅವರ ವಾರದ ರಜೆ. ಅಕ್ಕನಿಂದ ಗದರಿಸಿ, ಅಂತೂ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ನಮ್ಮ ಡಾಕ್ಟ್ರು ಸ್ಕ್ಯಾನ್‌ಗಿಂತ ಮುಂಚೆ ಹಳೇ ಕಾಲದ ಒಂದು ಪರೀಕ್ಷೆ ಮಾಡುತ್ತಾರೆ. ಭಾವನನ್ನು ಮಲಗಿಸಿ ಕಾಲು ಎತ್ತಿ ಹಿಡಿದರು, ಉಬ್ಬಿದ ನರಗಳೆಲ್ಲ ಖಾಲಿಯಾಗಿ ಚಪ್ಪಟೆಯಾದವು. ತೊಡೆಯ ಮೇಲ್ತುದಿಗೆ ರಬ್ಬರ್ ಪಟ್ಟಿ ಕಟ್ಟಿ, ಈಗ ನಿಲ್ಲಿ ಅಂದರು. ನಿಂತರೂ ಮೀನಖಂಡ ನುಣ್ಣಗೇ ಇತ್ತು. ಭಾವನಿಗೆ ಆಶ್ಚರ್ಯ, "ಹೋಯ್ತಲ್ಲ!" ಪಟ್ಟಿ ಬಿಚ್ಚಿದ್ದೇ ತಡ, ಮೇಲಿನಿಂದ ರಕ್ತ ಸರ್ರನೆ ಇಳಿದು ನರ ಮತ್ತೆ ಹಾವಿನ ಹಾಗೆ ಎದ್ದು ನಿಂತಿತು. ಕೆಟ್ಟಿರುವುದು ತೊಡೆಸಂದಿನಲ್ಲಿ, ಕಾಣಿಸುತ್ತಿರುವುದು ಮೀನಖಂಡದಲ್ಲಿ, ಅಷ್ಟೇ.

ಯಾಕೆ ಹೀಗೆ ಎಂದು ಸ್ಕ್ಯಾನ್ ಕೋಣೆಯ ಹೊರಗೆ ಕೂತು ಅವರಿಗೆ ಹೇಳಿದೆ. ಊರಿನ ಬೋರ್‌ವೆಲ್ ಹ್ಯಾಂಡ್‌ಪಂಪ್ ಅಂದರೆ ಬೇಗ ಅರ್ಥವಾಗುತ್ತದೆ. ಪಾದದ ರಕ್ತವನ್ನು ಎದೆಗೆ ಏರಿಸುವ ಪಂಪ್ ಮೀನಖಂಡದ ಸ್ನಾಯು. ಹೆಜ್ಜೆ ಹಾಕಿದಾಗ ಅದು ಹಿಂಡುತ್ತದೆ, ರಕ್ತ ಏರುತ್ತದೆ, ಏರಿದ್ದು ಇಳಿಯದ ಹಾಗೆ ಒಳಗಿನ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ. ಸುಮ್ಮನೆ ನಿಂತಾಗ ಪಾದದ ಗಂಟಿನ ಹತ್ತಿರದ ಸಿರೆಯಲ್ಲಿ, ಅಂದರೆ ನಾವು ನರ ಅನ್ನುವುದರಲ್ಲಿ, ಬಿಪಿ ಅಳೆಯುವ ಲೆಕ್ಕದಲ್ಲಿ ಸುಮಾರು 80–90 ಎಂ.ಎಂ. ಒತ್ತಡವಿರುತ್ತದೆ. ನಡೆಯತೊಡಗಿದರೆ ಆರೋಗ್ಯವಂತರಲ್ಲಿ ಅದು 30ರ ಆಸುಪಾಸಿಗೆ ಬರುತ್ತದೆ. ಭಾವನದು ವಾಷರ್ ಹೋದ ಪಂಪು. ಎತ್ತಿದ್ದೆಲ್ಲ ಹಿಂದಕ್ಕೆ ಜಾರುತ್ತದೆ, ನಡೆದರೂ ಒತ್ತಡ ಪೂರ್ತಿ ಇಳಿಯುವುದಿಲ್ಲ. ಅದೇ ಒತ್ತಡಕ್ಕೆ ರಕ್ತಕಣಗಳು ಸೋರಿ, ಅವುಗಳ ಕಬ್ಬಿಣದ ಅಂಶ ಚರ್ಮದಲ್ಲಿ ಉಳಿದು ಆ ಕಂದುಬಣ್ಣ ಬಂದಿರುವುದು. ಕೆಲಸ ಒಂದೇ ಕಾರಣ ಅಂತಲೂ ಅಲ್ಲ. ಅವರಮ್ಮನಿಗೂ ಇತ್ತು, ವಂಶದ ಪಾಲು ಇದರಲ್ಲಿ ದೊಡ್ಡದು. ನಿಂತ ಕೆಲಸ ಅದಕ್ಕೆ ಒಗ್ಗರಣೆ.

ಡಾಪ್ಲರ್ ಸ್ಕ್ಯಾನ್ ರೋಗಿಯನ್ನು ನಿಲ್ಲಿಸಿಯೇ ಮಾಡಬೇಕು. ಮಲಗಿಸಿ ಮಾಡಿದ ರಿಪೋರ್ಟ್ ಹಿಡಿದುಕೊಂಡು ಬರುವವರನ್ನು ನಾವು ಎಷ್ಟೋ ಸಲ ವಾಪಸ್ ಕಳಿಸುತ್ತೇವೆ. ಮೀನಖಂಡವನ್ನು ಕೈಯಲ್ಲಿ ಹಿಂಡಿ ಬಿಟ್ಟಾಗ ರಕ್ತ ಎಷ್ಟು ಹೊತ್ತು ಹಿಂದಕ್ಕೆ ಹರಿಯುತ್ತದೆ ಎಂದು ನೋಡುತ್ತಾರೆ. ಅರ್ಧ ಸೆಕೆಂಡಿಗಿಂತ ಹೆಚ್ಚಾದರೆ ಕವಾಟ ಸೋರುತ್ತಿದೆ ಅಂತ. ಭಾವನದು ಮೂರು ಸೆಕೆಂಡ್ ದಾಟಿತು. ಒಳಗಿನ ದೊಡ್ಡ ಸಿರೆಗಳಲ್ಲಿ ಹೆಪ್ಪು ಇರಲಿಲ್ಲ, ಅದೊಂದು ಸಮಾಧಾನ. ಮೇಲಿನ ಸಿರೆಯನ್ನು ಮುಚ್ಚುವ ಮೊದಲು ಒಳಗಿನ ದಾರಿ ತೆರೆದಿದೆಯೇ ಎಂದು ಗೊತ್ತಾಗಲೇಬೇಕು.

ಆಮೇಲೆ ಕಾಲುಚೀಲದ ವಿಷಯ. ಭಾವ ಮೆಡಿಕಲ್ ಅಂಗಡಿಯಿಂದ ಕ್ರೇಪ್ ಬ್ಯಾಂಡೇಜ್ ತಂದು, ಉಬ್ಬಿದ ಜಾಗದಲ್ಲೇ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಅದು ತಿರುಗುಮುರುಗು. ಒತ್ತಡ ಪಾದದ ಗಂಟಿನಲ್ಲಿ ಹೆಚ್ಚಿದ್ದು ಮೇಲೆ ಹೋದಂತೆ ಕಡಿಮೆಯಾಗಬೇಕು. ಮೀನಖಂಡದಲ್ಲಿ ಮಾತ್ರ ಬಿಗಿದರೆ ಕೆಳಗೆ ನೀರು ಇನ್ನಷ್ಟು ನಿಲ್ಲುತ್ತದೆ. ಡಾಕ್ಟ್ರು ಬರೆದದ್ದು ಮಂಡಿಯ ಕೆಳಗಿನವರೆಗಿನ ಎರಡನೇ ದರ್ಜೆಯ ಸ್ಟಾಕಿಂಗ್ಸ್, ಗಂಟಿನ ಹತ್ತಿರ 23ರಿಂದ 32 ಎಂ.ಎಂ. ಒತ್ತಡದ್ದು. ಬೀಡಿ ಸೇದುತ್ತಿದ್ದವರಾದ್ದರಿಂದ ಮೊದಲು ಕಾಲಿನ ಬಿಪಿ ನೋಡಿದೆವು. ಕಾಲಲ್ಲಿ 138, ತೋಳಲ್ಲಿ 132, ಭಾಗಿಸಿದರೆ 1.05. ಇದು 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ತರುವ ನಾಳದಲ್ಲೇ ತಡೆಯಿದೆ ಎಂದರ್ಥ, ಆಗ ಡಾಕ್ಟ್ರನ್ನು ಕೇಳದೆ ಬಿಗಿ ಚೀಲ ಹಾಕಿದರೆ ಬೆರಳುಗಳಿಗೇ ಸಂಚಕಾರ. ಸಕ್ಕರೆ ಕಾಯಿಲೆಯವರೂ ಅಂಗಡಿಯಿಂದ ನೇರವಾಗಿ ಕೊಂಡು ಹಾಕಬಾರದು.

ಅಳತೆ ತೆಗೆಯುವ ಹೊತ್ತೂ ಮುಖ್ಯ. ನಿನ್ನೆ ರಾತ್ರಿ ಕೆಲಸ ಮುಗಿಸಿ ಬಂದಾಗ ಗಂಟಿನ ಸುತ್ತಳತೆ 26 ಸೆಂ.ಮೀ., ಇವತ್ತು ಬೆಳಿಗ್ಗೆ ಏಳುತ್ತಲೇ 24. ಬೆಳಗಿನದನ್ನೇ ಬರೆಸಿದೆ. ಗಂಟಿನ ಮೇಲೆ ಅತಿ ಸಣ್ಣ ಜಾಗ, ಮೀನಖಂಡದ ಅತಿ ದಪ್ಪ ಜಾಗ, ನೆಲದಿಂದ ಮಂಡಿಯ ಕೆಳಗಿನವರೆಗಿನ ಉದ್ದ, ಮೂರೂ ಬೇಕು. ಚೀಲವನ್ನು ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಬೇಕು, ರಾತ್ರಿ ಮಲಗುವಾಗ ತೆಗೆಯಬೇಕು. ಮೇಲಿನ ಅಂಚು ಸುರುಳಿಯಾದರೆ ಅದೇ ಕಟ್ಟಿದ ಹಗ್ಗ ಆಗುತ್ತದೆ. ಐದಾರು ತಿಂಗಳಿಗೆ ಬಿಗಿ ಸಡಿಲವಾಗುತ್ತದೆ, ಹೊಸದು ಬೇಕು. "ಕಾವಲಿ ಮುಂದೆ ಬೇಯೂದಕ್ಕೆ ಇದೂ ಒಂದು ಹೆಚ್ಚಾಯ್ತು" ಅಂದರು ಭಾವ. ಅದು ಸುಳ್ಳಲ್ಲ. ಈ ಚೀಲ ಬೀರುವಿನಲ್ಲಿ ಉಳಿಯುವುದಕ್ಕೆ ಸೆಕೆಯೇ ಮೊದಲ ಕಾರಣ. ಬೆರಳು ತೆರೆದಿರುವ ಮಾದರಿ ಕೊಡಿಸಿದೆ, ಮಧ್ಯಾಹ್ನದ ಬಿಡುವಿನಲ್ಲಿ ತೆಗೆದು ಕಾಲನ್ನು ಗೋಡೆಗೆ ಎತ್ತಿ ಮಲಗಿ, ಸಂಜೆ ಹಾಕಿಕೊಳ್ಳಿ ಅಂದೆ.

ಕಾವಲಿ ಮುಂದೆ ನಿಂತಾಗಲೂ ಒಂದು ಕೆಲಸವಿದೆ. ಹಿಟ್ಟು ಹುಯ್ದು ಎಣ್ಣೆ ಬಿಟ್ಟ ಮೇಲೆ ದೋಸೆ ಗರಿಯಾಗುವ ತನಕ ಕೈಗೆ ಕೆಲಸವಿಲ್ಲ. ಆಗ ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಹದಿನೈದು ಸಲ. ಪಂಪ್ ಹೊಡೆದಂತಾಗುತ್ತದೆ.

ಹೆದರಿಸಲೇಬೇಕಾದ ಮಾತು ಒಂದಿತ್ತು. ಕೆರೆದು ಅಥವಾ ಸ್ನಾನದಲ್ಲಿ ತರಚಿ ಆ ತೆಳು ನರ ಒಡೆದರೆ ರಕ್ತ ಚಿಮ್ಮುತ್ತದೆ. ಗಾಬರಿಯಲ್ಲಿ ನಿಂತೇ ಇರುತ್ತಾರೆ, ಇಲ್ಲವೇ ಒಡೆದ ಜಾಗಕ್ಕಿಂತ ಮೇಲೆ ಬಟ್ಟೆ ಬಿಗಿಯುತ್ತಾರೆ. ಎರಡೂ ರಕ್ತ ಸುರಿಯುವುದನ್ನು ಹೆಚ್ಚಿಸುತ್ತವೆ. ತಕ್ಷಣ ಮಲಗಿ, ಕಾಲು ಎದೆಗಿಂತ ಮೇಲೆ ಎತ್ತಿ, ಒಡೆದ ಜಾಗವನ್ನೇ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಆಮೇಲೆ ಆಸ್ಪತ್ರೆ. ನರ ಕೆಂಪಾಗಿ ಬಿಸಿಯಾಗಿ ಗಟ್ಟಿಯಾದರೆ ತಿಕ್ಕಬಾರದು, ತೋರಿಸಬೇಕು. ಒಂದೇ ಕಾಲು ಒಮ್ಮೆಗೇ ಊದಿ ನೋಯತೊಡಗಿದರೆ ಬೆಳಗಾಗುವ ತನಕವೂ ಕಾಯಬಾರದು.

ಚೀಲದಿಂದ ಕವಾಟ ರಿಪೇರಿಯಾಗುವುದಿಲ್ಲ, ಅದು ಭಾವನಿಗೂ ಅರ್ಥವಾಗಿತ್ತು. ಚರ್ಮದ ಸ್ಥಿತಿ ನೋಡಿ ಡಾಕ್ಟ್ರು ಲೇಸರ್ ಹೇಳಿದ್ದಾರೆ. ಸೂಜಿದಾರಿಯಲ್ಲಿ ತೆಳು ತಂತು ತೂರಿಸಿ, ಸಿರೆಯ ಸುತ್ತ ಮರಗಟ್ಟುವ ಮದ್ದಿನ ನೀರು ತುಂಬಿ, ಒಳಗಿನಿಂದ ಸುಟ್ಟು ಮುಚ್ಚುವುದು. ಆ ಸಿರೆ ಹೋದರೆ ರಕ್ತಕ್ಕೆ ಒಳಗಿನ ದೊಡ್ಡ ದಾರಿಯಿದೆ. ಅದೇ ದಿನ ಮನೆಗೆ ನಡೆದುಕೊಂಡೇ ಹೋಗಬಹುದು. ವರ್ಷಗಳ ಮೇಲೆ ಬೇರೆ ಸಿರೆಯಲ್ಲಿ ಮತ್ತೆ ಬರಲೂಬಹುದು, ಅದನ್ನೂ ಮುಚ್ಚಿಡದೆ ಹೇಳಿದರು.

ಅಕ್ಕ ಫೋನಿನಲ್ಲಿ, "ಆಷಾಢ ಕಳೆಯಲಿ" ಅಂದಳು. ಡಾಕ್ಟ್ರು ನಕ್ಕು, ಹುಣ್ಣಾಗಿಲ್ಲವಲ್ಲ, ಒಂದು ತಿಂಗಳು ತಡೆಯುತ್ತದೆ ಅಂದು ಶ್ರಾವಣದ ಎರಡನೇ ವಾರಕ್ಕೆ ಬರೆದುಕೊಟ್ಟರು. ಅಲ್ಲಿಯ ತನಕ ಮುಲಾಮು ಬಂದ್, ಕಂದು ಜಾಗಕ್ಕೆ ವಾಸನೆಯಿಲ್ಲದ ವ್ಯಾಸಲೀನ್ ಮಾತ್ರ. ಚೀಲ ಹಾಕಿಕೊಳ್ಳುವ ಮೊದಲು ಹಚ್ಚಬೇಡಿ, ರಾತ್ರಿ ತೆಗೆದ ಮೇಲೆ ಹಚ್ಚಿ ಅಂತ ಅಕ್ಕನಿಗೆ ಮೆಸೇಜ್ ಹಾಕಿದ್ದೇನೆ.