ನೀರ್ದೋಸೆ ವಿಡಿಯೋ: ಸ್ಕ್ರಿಪ್ಟ್ ತಿದ್ದುಪಡಿ ಎಲ್ಲಿಗೆ ಬಂತು

ಮುಂಬೈ ಹತ್ತಿರದ ಡೊಂಬಿವಲಿಯ ಅಡುಗೆಮನೆಯಲ್ಲಿ ಶೂಟ್ ಆಗಬೇಕಿರುವ ನೀರ್ದೋಸೆ ವಿಡಿಯೋದ ಸ್ಕ್ರಿಪ್ಟ್ ಈಗ ಎರಡನೇ ಕರಡಿನಲ್ಲಿದೆ. ಮೊದಲ ಕರಡನ್ನು ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿದರೆ 7 ನಿಮಿಷ 40 ಸೆಕೆಂಡ್ ಹಿಡಿಯುತ್ತಿತ್ತು. ವಿಡಿಯೋ 6 ನಿಮಿಷದೊಳಗೆ ಮುಗಿಯಬೇಕು, ಅದರಲ್ಲೂ ಮಾತಿಲ್ಲದೆ ಬರೀ ಕೈ ಕಾಣುವ ಜಾಗ ಉಳಿಯಬೇಕು. ಪದ ಎಣಿಸಿ ಸಮಯ ಅಂದಾಜು ಮಾಡುವುದು ಕನ್ನಡಕ್ಕೆ ಒಗ್ಗುವುದಿಲ್ಲ. ‘ಹಾಕಿಕೊಳ್ಳಬೇಕಾಗುತ್ತದೆ’ ಲೆಕ್ಕಕ್ಕೆ ಒಂದೇ ಪದ, ಬಾಯಿಗೆ ಮೂರು ಪದದಷ್ಟು ಭಾರ. ಹಾಗಾಗಿ ಓದಿಯೇ ಅಳೆಯಬೇಕು, ಅದೂ ಮನಸ್ಸಿನಲ್ಲಲ್ಲ.

ಶುರು

ಹಳೆಯ ಆರಂಭ ಹೀಗಿತ್ತು: ‘ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ. ಇವತ್ತಿನ ವಿಡಿಯೋದಲ್ಲಿ ಕರಾವಳಿಯ ಸಾಂಪ್ರದಾಯಿಕ ತಿಂಡಿಯಾದ ನೀರ್ದೋಸೆಯನ್ನು ಮಾಡುವ ವಿಧಾನವನ್ನು ನೋಡೋಣ.’ ಇದಾದ ಮೇಲೆ ಕರಾವಳಿಯ ವರ್ಣನೆ, ಆಮೇಲೆ ಸಾಮಗ್ರಿಗಳ ಪಟ್ಟಿ. ದೋಸೆ ತೆರೆಗೆ ಬರುವ ಹೊತ್ತಿಗೆ 50 ಸೆಕೆಂಡ್ ಕಳೆದಿರುತ್ತಿತ್ತು. ಮುಂಬೈಯಲ್ಲಿ ಇದನ್ನು ನೋಡುವವರಲ್ಲಿ ಬಹಳಷ್ಟು ಜನಕ್ಕೆ ನೀರ್ದೋಸೆ ಅಂದರೇನು ಅಂತ ಹೇಳಬೇಕಿಲ್ಲ. ಮಾಡಿದರೆ ತೂತು ಬೀಳುವುದಿಲ್ಲ, ಅವರ ತಲೆನೋವು ಅದು. ಶುರುವೂ ಅಲ್ಲಿಂದಲೇ ಆಗಬೇಕು.

ಮೊದಲು ಹೊಳೆದದ್ದು: ‘ತೂತು ಬೀಳ್ತಿಲ್ವಾ? ತಪ್ಪು ಹಿಟ್ಟಿನದ್ದಲ್ಲ, ಕಾವಲಿಯದ್ದು.’ ಕೇಳಲು ಚೆನ್ನಾಗಿದೆ, ಆದರೆ ಅರ್ಧ ಸುಳ್ಳು. ತೆಳ್ಳನೆ ಹಿಟ್ಟು ಚೆನ್ನಾಗಿ ಕಾದ ಕಾವಲಿಗೆ ಬಿದ್ದ ಕೂಡಲೇ ಆವಿ ಅದನ್ನು ಸೀಳಿಕೊಂಡು ಬರುತ್ತದೆ, ತೂತು ಅದರಿಂದಲೇ. ಹಿಟ್ಟು ದಪ್ಪವಾಗಿದ್ದರೆ ಕಾವಲಿ ಎಷ್ಟು ಕಾದರೂ ಪ್ರಯೋಜನವಿಲ್ಲ. ಆ ಮಾತು ನಂಬಿ ಹೊಯ್ದವರು ಮತ್ತೆ ಈ ಚಾನೆಲ್ ಕಡೆ ಮುಖ ಹಾಕುವುದಿಲ್ಲ. ಈಗಿರುವುದು:

‘(ಹಿಟ್ಟು ಹೊಯ್ಯುವ ಸದ್ದು, 2 ಸೆಕೆಂಡ್) ನೀರ್ದೋಸೆಗೆ ತೂತೇ ಬೀಳ್ತಿಲ್ವಾ? / ಒಂದೋ ಹಿಟ್ಟು ದಪ್ಪ, / ಇಲ್ಲ ಕಾವಲಿ ತಣ್ಣಗೆ. / ಎರಡನ್ನೂ ಈಗ ಸರಿ ಮಾಡುವ.’

ಓರೆಗೆರೆ ಇದ್ದಲ್ಲಿ ಉಸಿರು. ಸದ್ದೂ ಸೇರಿ 10 ಸೆಕೆಂಡ್‌ನೊಳಗೆ ಮುಗಿಯುತ್ತದೆ. ನಮಸ್ಕಾರ ಬೇಕೇ ಬೇಕು ಅನ್ನುವವರಿಗಾಗಿ ಅದನ್ನು ಇದರ ನಂತರ ಇಟ್ಟಿದೆ, ಒಂದೇ ಉಸಿರಿನಲ್ಲಿ.

ಮಾತಿನ ಲಯ

ಹೆಚ್ಚು ಕೆಲಸ ಹಿಡಿದದ್ದು ಇಲ್ಲಿ. ಬರೆಯುವಾಗ ಕೈ ತಾನಾಗಿ ‘ತೊಳೆದು, ಬಸಿದು, ಸೇರಿಸಿ, ರುಬ್ಬಿ’ ಅಂತ ಸರಪಳಿ ಹೆಣೆಯುತ್ತದೆ. ಮೊದಲ ಕರಡಿನ ಸಾಲು: ‘4 ಗಂಟೆ ನೆನೆಸಿಟ್ಟ ಒಂದು ಕಪ್ ಬೆಳ್ತಿಗೆ ಅಕ್ಕಿಯನ್ನು ತೊಳೆದು ನೀರನ್ನು ಬಸಿದು ಅರ್ಧ ಕಪ್ ತೆಂಗಿನತುರಿಯನ್ನು ಸೇರಿಸಿ ಸ್ವಲ್ಪ ನೀರನ್ನು ಹಾಕಿ ನುಣ್ಣಗೆ ರುಬ್ಬಿಕೊಳ್ಳಬೇಕು.’ ಓದುವವನಿಗೆ ನಡುವೆ ಉಸಿರು ಸಾಲದು. ಕೇಳುವವನಿಗೋ, ರುಬ್ಬುವ ಮಾತು ಬರುವ ಹೊತ್ತಿಗೆ ಅಕ್ಕಿಯ ಅಳತೆ ಮರೆತಿರುತ್ತದೆ. ಮುರಿದ ಮೇಲೆ:

‘ಬೆಳ್ತಿಗೆ ಅಕ್ಕಿ, ಒಂದು ಕಪ್. / 4 ಗಂಟೆ ನೆನೆದಿದೆ. / ನೀರು ಬಸಿದು ಮಿಕ್ಸಿಗೆ. / ಅರ್ಧ ಕಪ್ ತೆಂಗಿನತುರಿ. / ನೀರು ಸ್ವಲ್ಪವೇ ಹಾಕಿ, ನುಣ್ಣಗೆ ರುಬ್ಬಿ. / ಬೆರಳಿಗೆ ತರಿ ಸಿಗಬಾರದು.’

‘ಅನ್ನು’ ಒಂದೂ ಉಳಿದಿಲ್ಲ. ಸಾಮಗ್ರಿಗಳ ಪಟ್ಟಿಯೂ ಹೋಯಿತು, ಪ್ರತಿ ಅಳತೆ ಆ ವಸ್ತು ಕೈಗೆ ಬಂದಾಗಲೇ ಕೇಳಿಸುತ್ತದೆ. ಅಕ್ಕಿಗೆ ಮಾತ್ರ ಒಂದು ಸಾಲು ಹೆಚ್ಚು ಬಂತು: ಇಲ್ಲಿನ ಅಂಗಡಿಯಲ್ಲಿ ಸಿಗುವ ಕೋಲಂ ಆಗುತ್ತದೆ, ಕುಚ್ಚಲಕ್ಕಿ ಬೇಡ.

ಹಾಗಂತ ಎಲ್ಲ ಸಾಲನ್ನೂ ಮೂರು ಪದಕ್ಕೆ ಕತ್ತರಿಸಿದರೆ ಬಸ್ಸಿನ ಕಂಡಕ್ಟರ್ ಸ್ಟಾಪು ಕೂಗಿದ ಹಾಗೆ ಕೇಳುತ್ತದೆ. ಕಾರಣ ಹೇಳುವ ಕಡೆ ವಾಕ್ಯ ಉದ್ದ ಬಿಟ್ಟಿದೆ: ‘ಅಕ್ಕಿ ತಳಕ್ಕೆ ಕೂತು ಮೇಲೆ ಬರೀ ನೀರು ನಿಲ್ತದೆ, ಅದಕ್ಕೇ ಪ್ರತಿ ದೋಸೆಗೂ ಮೊದಲು ಸೌಟಿನಲ್ಲಿ ತಳದಿಂದ ಕದಡಿ.’ ಈ ಸಾಲು ಮೊದಲ ಕರಡಿನಲ್ಲಿ ಹಿಟ್ಟು ಕಲಸುವಲ್ಲಿತ್ತು. ಈಗ ಎರಡನೇ ದೋಸೆ ಹೊಯ್ಯುವ ಮುಂಚೆ ಬರುತ್ತದೆ, ಮರೆಯುವುದು ಅಲ್ಲೇ.

ಸುಮ್ಮನಿರುವ ಜಾಗ

ಎರಡು ಕಡೆ ಮಾತು ಪೂರ್ತಿ ತೆಗೆದಿದೆ. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಕುಣಿದು ಆರುತ್ತದೆ, ಅಲ್ಲಿ 3 ಸೆಕೆಂಡ್. ಅಂಚಿನಿಂದ ನಡುವಿಗೆ ಹಿಟ್ಟು ಹೊಯ್ಯುವಲ್ಲಿ 4 ಸೆಕೆಂಡ್. ‘ಈಗ ಹೊಯ್ತಾ ಇದ್ದೇನೆ’ ಅಂತ ಕಂಡದ್ದನ್ನೇ ಹೇಳುವುದು ಬೇಡ. ಕಾಣದ್ದನ್ನು ಮೊದಲೇ ಹೇಳಬೇಕು: ‘ಉರಿ ಜೋರು ಇರಲಿ, ಹೊಯ್ದ ಮೇಲೆ ಮಧ್ಯಮ. ಮುಚ್ಚಿ ಬೇಯಿಸಿ, ಮಗುಚಬೇಡಿ.’ ಎಷ್ಟು ಹೊತ್ತು ಅನ್ನುವ ಪ್ರಶ್ನೆಗೆ ‘ಅಂಚು ಎದ್ದಾಗ’ ಅಂತ ಗುರುತು ಕೊಟ್ಟಿದೆ, ಒಬ್ಬೊಬ್ಬರ ಕಾವಲಿ ಒಂದೊಂದು ಥರ ಕಾಯುತ್ತದೆ.

ಈಗ ಓದಿದರೆ 4 ನಿಮಿಷ 50 ಸೆಕೆಂಡ್. ಇನ್ನು ಸ್ಕ್ರಿಪ್ಟ್ ಬರೆಯದ ಒಬ್ಬರ ಕೈಗೆ ಕೊಟ್ಟು, ತಯಾರಿ ಇಲ್ಲದೆ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡುವುದಿದೆ. ಅವರು ಎಡವಿದ ಸಾಲುಗಳಷ್ಟನ್ನೇ ಮತ್ತೆ ತಿದ್ದಬೇಕು.