ಆರಂಭವಿಲ್ಲದ ಭೂತಕಾಲ ಮತ್ತು ಕಲಾಂ ವಾದ

"ಜಗತ್ತಿಗೆ ಆರಂಭವೇ ಇಲ್ಲದೆ ಇರಬಹುದು ಅಂತೀರಲ್ಲ, ಹಾಗಾದ್ರೆ ಅನಂತ ದಿನಗಳು ಕಳೆದು ಇವತ್ತಿನ ದಿನ ಬಂದದ್ದಾದ್ರೂ ಹೇಗೆ?"

ಕೇಳುವವರಲ್ಲಿ ಆಸ್ತಿಕರೂ ಇರುತ್ತಾರೆ, ನಾಸ್ತಿಕರೂ ಇರುತ್ತಾರೆ. ಪ್ರಶ್ನೆ ಮಾತ್ರ ಬಹಳ ಹಳೆಯದು. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ರೈಸ್ತ ಚಿಂತಕ ಫಿಲೋಪೋನಸ್ ಇದನ್ನು ಎತ್ತಿದ. ಆಮೇಲೆ ಕಲಾಂ ಎಂಬ ಇಸ್ಲಾಮಿನ ದೇವತತ್ವ ವಿಚಾರದಲ್ಲಿ ಇದು ಬೆಳೆಯಿತು. ನಮ್ಮ ಕಾಲದಲ್ಲಿ ಅಮೆರಿಕದ ಕ್ರೈಸ್ತ ತತ್ವಜ್ಞಾನಿ ವಿಲಿಯಂ ಲೇನ್ ಕ್ರೇಗ್ 1979ರಲ್ಲಿ ಇದಕ್ಕೆ ಮರುಜೀವ ಕೊಟ್ಟರು. ಇದರ ಮೇಲೆ ನಿಂತ ಕಲಾಂ ವಾದ ಮೂರೇ ಸಾಲಿನದು. ಶುರುವಾದದ್ದಕ್ಕೆಲ್ಲ ಒಂದು ಕಾರಣ ಇರುತ್ತದೆ. ಜಗತ್ತು ಶುರುವಾಯಿತು. ಹಾಗಾಗಿ ಜಗತ್ತಿಗೂ ಒಂದು ಕಾರಣ ಇದೆ.

ಜಗಳವೆಲ್ಲ ಹೆಚ್ಚಾಗಿ ಎರಡನೇ ಸಾಲಿನ ಮೇಲೆ. ಜಗತ್ತು ಶುರುವಾಗಲೇಬೇಕಿತ್ತು ಅಂತ ಟೆಲಿಸ್ಕೋಪ್ ಇಲ್ಲದೆ, ಬರೀ ಯೋಚನೆಯಿಂದಲೇ ತೋರಿಸಬಹುದೇ? ನನ್ನ ಉತ್ತರ: ಮೇಲಿನ ಪ್ರಶ್ನೆಯಿಂದ ಅದು ಸಾಧ್ಯವಿಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೂ ಗಟ್ಟಿಯಾದ ಒಂದು ವಾದವಿದೆ. ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

"ಅನಂತ ದಿನ ಕಳೆದು ಇವತ್ತಿಗೆ ಬಂದೆವು" ಎನ್ನುವಾಗ ಮನಸ್ಸಿಗೆ ಬರುವ ಚಿತ್ರವನ್ನು ಗಮನಿಸಿ. ಎಲ್ಲೋ ತುಂಬಾ ದೂರದಲ್ಲಿ ಒಂದು ಕಡೆಯಿಂದ ಹೊರಟು, ಮುಗಿಯದ ದಾರಿ ನಡೆದು ಇಲ್ಲಿಗೆ ತಲುಪಿದ ಹಾಗೆ. ಆದರೆ ಆರಂಭವಿಲ್ಲದ ಭೂತಕಾಲದಲ್ಲಿ ಹೊರಟ ಜಾಗ ಅನ್ನುವುದೇ ಇಲ್ಲ. ನೀವು ಯಾವ ದಿನವನ್ನು ಬೇಕಾದರೂ ತೋರಿಸಿ, ನೂರು ವರ್ಷದ ಹಿಂದಿನದಾಗಲಿ, ಸಾವಿರ ಕೋಟಿ ವರ್ಷದ ಹಿಂದಿನದಾಗಲಿ. ಆ ದಿನದಿಂದ ಇವತ್ತಿಗೆ ಇರುವ ದಿನಗಳನ್ನು ಎಣಿಸಿ ಮುಗಿಸಬಹುದು. ಎಣಿಸಿ ಮುಗಿಸಲಾಗದಷ್ಟು ದೂರದ ದಿನ ಒಂದೂ ಇಲ್ಲ. 13ನೇ ಶತಮಾನದಲ್ಲಿ ಕ್ರೈಸ್ತ ಚಿಂತಕ ಥಾಮಸ್ ಅಕ್ವೈನಾಸ್ ಇದೇ ಉತ್ತರ ಕೊಟ್ಟ. ದಾಟುವುದು ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟುವುದು, ತುದಿಯೇ ಇಲ್ಲದ ಕಡೆ ಆ ಮಾತು ಹೊಂದುವುದಿಲ್ಲ ಅಂತ. ದೇವರು ಜಗತ್ತನ್ನು ಸೃಷ್ಟಿಸಿದ ಎಂದು ಪೂರ್ತಿ ನಂಬಿದ್ದವನ ಮಾತಿದು. ಜಗತ್ತಿಗೆ ಆರಂಭವಿತ್ತು ಎನ್ನುವುದು ಅವನಿಗೆ ಶ್ರದ್ಧೆಯ ವಿಷಯವಾಗಿತ್ತು, ಬುದ್ಧಿಯಿಂದ ಸಾಧಿಸುವ ವಿಷಯವಾಗಿರಲಿಲ್ಲ.

ಕ್ರೇಗ್ ಇಲ್ಲಿಗೆ ಸುಮ್ಮನಾಗುವುದಿಲ್ಲ. ಅವರು ಒಬ್ಬ ಎಣಿಸುವವನನ್ನು ಕಲ್ಪಿಸುತ್ತಾರೆ. ಅವನು ಅನಾದಿಯಿಂದ ಸಂಖ್ಯೆಗಳನ್ನು ಇಳಿಕೆಯಲ್ಲಿ ಎಣಿಸುತ್ತಿದ್ದಾನೆ. ವರ್ಷಕ್ಕೊಂದು ಸಂಖ್ಯೆ ಅಂತ ಇಟ್ಟುಕೊಳ್ಳೋಣ. ಎರಡು ವರ್ಷದ ಹಿಂದೆ 2 ಅಂದ, ಹೋದ ವರ್ಷ 1 ಅಂದ, ಈ ವರ್ಷ ಸೊನ್ನೆ ಅಂದು ಮುಗಿಸಿದ. ಕ್ರೇಗ್ ಕೇಳುತ್ತಾರೆ: ಈ ವರ್ಷವೇ ಯಾಕೆ? ಹೋದ ವರ್ಷದ ಹೊತ್ತಿಗೂ ಅನಂತ ವರ್ಷ ಕಳೆದಿತ್ತು. ಆಗಲೇ ಮುಗಿಸಬೇಕಿತ್ತು ಅಲ್ವಾ? ಹಿಂದಕ್ಕೆ ಹೋದಷ್ಟೂ ಇದೇ ಪ್ರಶ್ನೆ ಬರುತ್ತದೆ. ಹಾಗಾದರೆ ಅವನು ಎಣಿಸುತ್ತಿರುವುದನ್ನು ನಾವು ಯಾವತ್ತೂ ನೋಡಲಾರೆವು.

ಮೊದಲ ಸಲ ಓದುವಾಗ ಇದು ಸರಿ ಅನ್ನಿಸುತ್ತದೆ. ಬಿರುಕು ಎಲ್ಲಿದೆ ನೋಡಿ. ಹೋದ ವರ್ಷದ ಹೊತ್ತಿಗೆ ಅವನು ಅನಂತ ಸಂಖ್ಯೆಗಳನ್ನು ಎಣಿಸಿದ್ದ, ನಿಜ. ಆದರೆ ಎಲ್ಲ ಸಂಖ್ಯೆಗಳನ್ನೂ ಎಣಿಸಿರಲಿಲ್ಲ, ಸೊನ್ನೆ ಬಾಕಿಯಿತ್ತು. ಅನಂತ ಸಂಖ್ಯೆಗಳನ್ನು ಎಣಿಸುವುದು ಬೇರೆ, ಎಲ್ಲವನ್ನೂ ಎಣಿಸುವುದು ಬೇರೆ. ಸಮಯ ಬೇಕಾದಷ್ಟಿತ್ತು ಎಂದ ಮಾತ್ರಕ್ಕೆ ಕೆಲಸ ಮುಗಿದಿರಲೇಬೇಕು ಅನ್ನುವ ಹಾಗಿಲ್ಲ. ಅವನು ಯಾಕೆ ಹೋದ ವರ್ಷ 1 ಅಂದ? ಅದರ ಹಿಂದಿನ ವರ್ಷ 2 ಅಂದಿದ್ದರಿಂದ. 2 ಯಾಕೆ? ಅದಕ್ಕೂ ಮುಂಚೆ 3 ಅಂದಿದ್ದರಿಂದ. ಪ್ರತಿ ಹೆಜ್ಜೆಗೂ ಕಾರಣ ಸಿಗುತ್ತದೆ, ವಿರೋಧ ಎಲ್ಲೂ ಹುಟ್ಟುವುದಿಲ್ಲ.

"ಪ್ರತಿ ಹೆಜ್ಜೆಗೂ ಕಾರಣ ಇದೆ ಸರಿ, ಆದರೆ ಇಡೀ ಸಾಲಿಗೆ ಕಾರಣ ಏನು?" ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಅದು ಬೇರೆಯೇ ಪ್ರಶ್ನೆ. ಇಸ್ಲಾಮಿನ ತತ್ವಜ್ಞಾನಿ ಇಬ್ನ್ ಸೀನಾ ಜಗತ್ತು ಅನಾದಿ ಎಂದೇ ಒಪ್ಪಿದ್ದ. ಅನಾದಿಯಾದರೂ ಅದು ತನ್ನಷ್ಟಕ್ಕೆ ತಾನು ನಿಲ್ಲಲಾರದು, ಅದಕ್ಕೆ ಆಧಾರವಾಗಿ ದೇವರು ಬೇಕು ಅನ್ನುವುದು ಅವನ ವಾದ. ಕಲಾಂ ಪಂಡಿತ ಅಲ್-ಘಜಾಲಿ 1095ರಲ್ಲಿ ಹರಿಹಾಯ್ದದ್ದು ಇಂಥವರ ಮೇಲೆಯೇ. ಇನ್ನೊಂದು ಕಡೆ ನಮ್ಮ ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ರಾಷ್ಟ್ರಕೂಟರ ನಾಡಿನಲ್ಲಿ ಕುಳಿತು, ಲೋಕಕ್ಕೆ ಆದಿಯೂ ಇಲ್ಲ, ಸೃಷ್ಟಿಕರ್ತನೂ ಇಲ್ಲ ಅಂತ ಬರೆದರು. ಅಂದರೆ "ಜಗತ್ತು ಅನಾದಿ" ಎಂದು ಒಪ್ಪಿದ ಮಾತ್ರಕ್ಕೆ ದೇವರಿದ್ದಾನೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದಿಲ್ಲ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಚರ್ಚೆ ಅರ್ಧ ಹಾಳಾಗುತ್ತದೆ.

ಘಜಾಲಿಯ ಒಂದು ಲೆಕ್ಕ ನನಗೆ ತುಂಬಾ ಇಷ್ಟ. ಆಗಿನ ಖಗೋಳದಲ್ಲಿ ಸೂರ್ಯ ಒಂದು ವರ್ಷಕ್ಕೆ ಒಂದು ಸುತ್ತು, ಶನಿ 30 ವರ್ಷಕ್ಕೆ ಒಂದು ಸುತ್ತು. ಕಾಲ ಅನಾದಿಯಾದರೆ ಶನಿಯ ಸುತ್ತುಗಳು ಸೂರ್ಯನದರ ಮೂವತ್ತರಲ್ಲಿ ಒಂದು ಪಾಲು ಇರಬೇಕು. ಆದರೂ ಎರಡೂ ಅನಂತ. ಇದು ಹೇಗೆ ಅಂತ ಅವನು ಕೇಳಿದ. 19ನೇ ಶತಮಾನದಲ್ಲಿ ಗಣಿತಜ್ಞ ಕ್ಯಾಂಟರ್ ಇದಕ್ಕೆ ದಾರಿ ತೋರಿಸಿದ. ಶನಿಯ ಇತ್ತೀಚಿನ ಸುತ್ತಿಗೆ ಸೂರ್ಯನ ಇತ್ತೀಚಿನ ಸುತ್ತನ್ನು ಜೋಡಿಸಿ, ಅದರ ಹಿಂದಿನದಕ್ಕೆ ಹಿಂದಿನದನ್ನು ಜೋಡಿಸಿ, ಹೀಗೇ ಹೋದರೆ ಎರಡು ಕಡೆಯೂ ಏನೂ ಉಳಿಯುವುದಿಲ್ಲ. ಈ ಅರ್ಥದಲ್ಲಿ ಎರಡೂ ಸಮ. ಎಣಿಸಿ ಮುಗಿಸಬಹುದಾದ ಗುಂಪುಗಳಲ್ಲಿ "ಒಂದರ ಭಾಗವಾಗಿರುವುದು" ಎಂದರೆ ಯಾವಾಗಲೂ "ಕಡಿಮೆ ಇರುವುದು". ಅನಂತದಲ್ಲಿ ಈ ಎರಡು ಬೇರೆಯಾಗುತ್ತವೆ. ವಿಚಿತ್ರ, ಖಂಡಿತ. ಇಂಥದ್ದು ಗಣಿತದಲ್ಲಿ ಇರಲಿ, ನಿಜ ಜಗತ್ತಿನಲ್ಲಿ ಸಾಧ್ಯವಿಲ್ಲ ಅನ್ನುತ್ತಾರೆ ಕ್ರೇಗ್. ಆದರೆ ವಿಚಿತ್ರವಾದದ್ದೆಲ್ಲ ಅಸಾಧ್ಯ ಅಂತ ಹೇಳಲು ಇನ್ನೊಂದು ಕಾರಣ ಬೇಕು. ಅದು ನನಗೆ ಅವರಲ್ಲಿ ಕಾಣುವುದಿಲ್ಲ.

ಇನ್ನು ಆ ಗಟ್ಟಿಯಾದ ವಾದ. ಇದರ ಬೀಜ 1964ರಲ್ಲಿ ತತ್ವಜ್ಞಾನಿ ಹೋಸೆ ಬೆನಾರ್ಡೆಟೆ ಕೊಟ್ಟ ಒಗಟಿನಲ್ಲಿದೆ. ಆಮೇಲೆ ರಾಬರ್ಟ್ ಕೂನ್ಸ್, ಅಲೆಕ್ಸಾಂಡರ್ ಪ್ರಸ್ ಎಂಬ ತತ್ವಜ್ಞಾನಿಗಳು ಅದನ್ನು ಭೂತಕಾಲಕ್ಕೆ ತಿರುಗಿಸಿದರು. ಒಂದು ಹಾಳೆ ಇದೆ. ಅನಾದಿಯಿಂದ ಅದು ವರ್ಷಕ್ಕೊಬ್ಬರ ಕೈ ದಾಟುತ್ತಾ ಬಂದಿದೆ. ನಿಯಮ ಒಂದೇ: ಹಾಳೆ ಖಾಲಿ ಬಂದರೆ ನಿಮ್ಮ ಕ್ರಮಸಂಖ್ಯೆ ಬರೆದು ಮುಂದೆ ಕೊಡಿ, ಏನಾದರೂ ಬರೆದಿದ್ದರೆ ಮುಟ್ಟದೆ ಮುಂದೆ ಕೊಡಿ. ಬೇರೆ ಯಾರೂ ಅದರಲ್ಲಿ ಬರೆಯುವಂತಿಲ್ಲ. ಇವತ್ತು ಆ ಹಾಳೆ ನಿಮ್ಮ ಕೈಗೆ ಬಂತು. ಅದು ಖಾಲಿ ಇರಲಾರದು, ಯಾಕೆಂದರೆ ಹೋದ ವರ್ಷದವರು ಬರೆಯುತ್ತಿದ್ದರು. ಹಾಗಾದರೆ ಬರೆದವರು ಯಾರು? 40 ವರ್ಷದ ಹಿಂದಿನವರು ಅನ್ನಿ. ಅವರು ಬರೆಯಬೇಕಾದರೆ ಹಾಳೆ ಖಾಲಿ ಬಂದಿರಬೇಕು. ಆದರೆ 41 ವರ್ಷದ ಹಿಂದಿನವರು ಖಾಲಿ ಹಾಳೆಯನ್ನು ದಾಟಿಸುವ ಹಾಗೇ ಇಲ್ಲ. ಯಾರ ಹೆಸರು ಹೇಳಿದರೂ ಇದೇ ಕಥೆ. ಇಲ್ಲಿ ಬರೀ ವಿಚಿತ್ರವಲ್ಲ, ನೇರವಾದ ವಿರೋಧವೇ ಇದೆ.

ಪ್ರಸ್ 2018ರ ತಮ್ಮ ಪುಸ್ತಕದಲ್ಲಿ ಇಂಥ ಒಗಟುಗಳಿಂದ ಒಂದು ತೀರ್ಮಾನಕ್ಕೆ ಬರುತ್ತಾರೆ: ಯಾವ ಘಟನೆಯ ಹಿಂದೆಯೂ ಕಾರಣಗಳ ಸಾಲು ಅನಂತವಾಗಿರಲಾರದು. ವಿರೋಧಿಗಳ ಉತ್ತರ ಸರಳ. ಆ ನಿಯಮವನ್ನು ಎಲ್ಲರೂ ಒಟ್ಟಿಗೆ ಪಾಲಿಸಲು ಆಗುವುದಿಲ್ಲ, ಅಷ್ಟೇ. ನಿಯಮ ಬಿಟ್ಟುಬಿಡಿ, ಅನಂತ ವರ್ಷಗಳು ಹಾಗೇ ಉಳಿಯುತ್ತವೆ. ತರ್ಕದ ಮಟ್ಟಿಗೆ ಅವರ ಮಾತು ಸರಿ. ಪ್ರಸ್ ಕಡೆಯವರು ಮತ್ತೆ ಕೇಳುತ್ತಾರೆ: ಒಬ್ಬರು ಈ ನಿಯಮ ಪಾಲಿಸುವುದು ಸಾಧ್ಯ, ಹತ್ತು ಜನ ಪಾಲಿಸುವುದೂ ಸಾಧ್ಯ. ವರ್ಷಗಳು ಅನಂತವಿದ್ದರೆ, ಪ್ರತಿ ವರ್ಷಕ್ಕೂ ಅಂಥ ಒಬ್ಬರನ್ನು ಇಡುವುದನ್ನು ತಡೆಯುವುದು ಯಾವುದು?

ಇಲ್ಲಿ ನಾನು ವಿರೋಧಿಗಳ ಕಡೆ ಸ್ವಲ್ಪ ವಾಲುತ್ತೇನೆ. ಬಿಡಿಬಿಡಿಯಾಗಿ ಸಾಧ್ಯವಾದದ್ದೆಲ್ಲ ಅನಂತ ಸಲ ಒಟ್ಟುಗೂಡಿದಾಗಲೂ ಸಾಧ್ಯ ಅನ್ನುವುದನ್ನೇ ಮೊದಲು ಸಾಧಿಸಿ ತೋರಿಸಬೇಕು. ಆದರೆ ತಡೆಯುವುದು ಯಾವುದು ಅನ್ನುವ ಪ್ರಶ್ನೆಗೆ "ತರ್ಕವೇ ತಡೆಯುತ್ತದೆ" ಅಂದರೆ ನನಗೂ ಪೂರ್ತಿ ಸಮಾಧಾನವಾಗುವುದಿಲ್ಲ. ಹಾಗಾಗಿ ಕಲಾಂ ವಾದವನ್ನು ಮೆಚ್ಚುವವರು ಸಿಕ್ಕರೆ, ಅನಂತ ದಿನ ದಾಟಿ ಬಂದ ಮಾತನ್ನು ಬಿಟ್ಟು ಈ ಹಾಳೆಯಿಂದ ಶುರು ಮಾಡಿ ಅನ್ನುತ್ತೇನೆ.